ಅಕ್ಟೋಬರ್‌ನಲ್ಲಿ ವ್ಯಾಪಾರ ಶೇ 31 ಏರಿತು, ಆದರೂ ಅಂಗಡಿ ಇಳಿಮುಖ: ಒಂದೇ ಗ್ರಾಫನ್ನು ಮೂರಾಗಿ ಸೀಳಿ ನೋಡಿದರೆ ಸಿಗುವ ಸತ್ಯ

ದೀಪಾವಳಿ ಮುಗಿದ ವಾರ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಒಂದೇ ಮಾತು. "ಹೋದ ವರ್ಷಕ್ಕಿಂತ ಈ ಸಲ ಹೆಂಗಾಯ್ತು?" ಲೆಡ್ಜರ್ ತೆಗೆದು ಹೋದ ಅಕ್ಟೋಬರಿನ ಪಕ್ಕದಲ್ಲಿ ಈ ಅಕ್ಟೋಬರ್ ಇಟ್ಟು ನೋಡುತ್ತಾರೆ. ಜಾಸ್ತಿ ಇದ್ದರೆ ಖುಷಿ, ಕಡಿಮೆ ಇದ್ದರೆ ಚಿಂತೆ. ಆ ಒಂದು ಹೋಲಿಕೆಯ ಮೇಲೆಯೇ ಚಿಕ್ಕಪೇಟೆಗೆ ಎಷ್ಟು ಮಾಲಿಗೆ ಆರ್ಡರ್ ಕೊಡಬೇಕು, ಬ್ಯಾಂಕಿನ ಓಡಿ ಮಿತಿ ಏರಿಸಿಕೊಳ್ಳಬೇಕಾ, ಇನ್ನೊಬ್ಬ ಸೇಲ್ಸ್ ಹುಡುಗನನ್ನು ಇಟ್ಟುಕೊಳ್ಳಬೇಕಾ ಅನ್ನೋದೆಲ್ಲ ತೀರ್ಮಾನವಾಗಿಬಿಡುತ್ತದೆ.

ಸಮಸ್ಯೆ ಏನೆಂದರೆ, ನಮ್ಮ ಹಬ್ಬಗಳಿಗೆ ಇಂಗ್ಲಿಷ್ ಕ್ಯಾಲೆಂಡರಿನ ತಿಂಗಳು ಗೊತ್ತಿಲ್ಲ. ನರಕ ಚತುರ್ದಶಿ 2022ರಲ್ಲಿ ಅಕ್ಟೋಬರ್ 24ಕ್ಕೆ ಬಂತು. 2023ರಲ್ಲಿ ನವೆಂಬರ್ 12ಕ್ಕೆ ಹೋಯಿತು. 2024ರಲ್ಲಿ ಮತ್ತೆ ಅಕ್ಟೋಬರ್ 31, 2025ರಲ್ಲಿ ಅಕ್ಟೋಬರ್ 20. ಹೀಗಿರುವಾಗ ಅಕ್ಟೋಬರ್ ಜೊತೆ ಅಕ್ಟೋಬರ್ ಇಟ್ಟು ನೋಡಿದರೆ ಕೆಲವು ವರ್ಷ ಹಬ್ಬದ ತಿಂಗಳನ್ನು ಹಬ್ಬವಿಲ್ಲದ ತಿಂಗಳ ಜೊತೆ ತೂಗಿದ ಹಾಗೆ.

ಇದನ್ನು ಬಿಡಿಸಿ ತೋರಿಸುವ ಒಂದು ಹಳೆಯ ಲೆಕ್ಕ ಇದೆ. ತಿಂಗಳ ಮಾರಾಟದ ಗೆರೆಯನ್ನು ಮೂರು ಭಾಗ ಮಾಡಿ, ಒಂದರ ಕೆಳಗೊಂದು ಗ್ರಾಫ್ ಹಾಕುವುದು. ಮೊದಲನೆಯದು ಟ್ರೆಂಡ್, ಅಂದರೆ ಹಬ್ಬ ಹುಣ್ಣಿಮೆ ಬದಿಗಿಟ್ಟರೆ ಅಂಗಡಿ ಮೇಲೆ ಹೋಗುತ್ತಿದೆಯಾ ಕೆಳಗೆ ಬರುತ್ತಿದೆಯಾ ಎಂಬುದು. ಎರಡನೆಯದು ಸೀಸನ್, ಅಂದರೆ ವರ್ಷ ವರ್ಷವೂ ಅದೇ ತಿಂಗಳಲ್ಲಿ ಮರಳಿ ಬರುವ ಏರಿಳಿತ. ಮೂರನೆಯದು ಉಳಿಕೆ, ಅಂದರೆ ಈ ಎರಡರಲ್ಲೂ ಸೇರದೆ ಮಿಕ್ಕಿದ್ದು. ಮೂರನ್ನೂ ಕೂಡಿಸಿದರೆ ಮತ್ತೆ ಮೂಲ ಮಾರಾಟವೇ ಬರಬೇಕು. ಕಂಪ್ಯೂಟರಿನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮಾಡಬಹುದು. ಆದರೆ ಒಂದು ಸಲ ಕೈಯಲ್ಲಿ ಮಾಡಿ ನೋಡಿದವರಿಗೆ ಮಾತ್ರ ಆ ಗ್ರಾಫ್ ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನೋದು ತಿಳಿಯುತ್ತದೆ.

ಲೆಕ್ಕಕ್ಕೆ ಒಂದು ಅಂಗಡಿ

ತಾಲ್ಲೂಕು ಪಟ್ಟಣದ ಒಂದು ಬಟ್ಟೆ ಅಂಗಡಿ ಅಂದುಕೊಳ್ಳಿ. ಇದು ಲೆಕ್ಕ ತಿಳಿಯಲೆಂದೇ ಕಟ್ಟಿಕೊಂಡ ಅಂಗಡಿ, ಅಂಕಿಗಳೂ ಹಾಗೆಯೇ ಸುಲಭವಾಗಿ ಕೂಡುವಂತೆ ಇಟ್ಟುಕೊಂಡವು. ಹಬ್ಬದ ದಿನಾಂಕಗಳು ಮಾತ್ರ ನಿಜವಾದವು.

2022ರಲ್ಲಿ ಈ ಅಂಗಡಿಯ ಮಾರಾಟ ಲಕ್ಷ ರೂಪಾಯಿಗಳಲ್ಲಿ ಹೀಗಿತ್ತು: ಜನವರಿ 11, ಫೆಬ್ರವರಿ 10, ಮಾರ್ಚ್ 12, ಏಪ್ರಿಲ್ 14, ಮೇ 15, ಜೂನ್ 11, ಜುಲೈ 8, ಆಗಸ್ಟ್ 12, ಸೆಪ್ಟೆಂಬರ್ 11, ಅಕ್ಟೋಬರ್ 18, ನವೆಂಬರ್ 12, ಡಿಸೆಂಬರ್ 10. ಒಟ್ಟು 144 ಲಕ್ಷ, ತಿಂಗಳಿಗೆ ಸರಾಸರಿ 12. ಯುಗಾದಿ, ಮದುವೆ ಸೀಸನ್ನಿಗೆ ಏಪ್ರಿಲ್, ಮೇ ಏರಿದೆ. ಆಷಾಢದ ಜುಲೈನಲ್ಲಿ ಕೈಕಟ್ಟಿ ಕೂತಂತಾಗಿದೆ. ಶ್ರಾವಣಕ್ಕೆ ಚೇತರಿಸಿ, ದಸರಾ–ದೀಪಾವಳಿಗೆ ಅಕ್ಟೋಬರ್ ಎಲ್ಲಕ್ಕಿಂತ ಎತ್ತರ.

2023ರಲ್ಲೂ ವರ್ಷದ ಒಟ್ಟು 144 ಲಕ್ಷವೇ. ಹತ್ತು ತಿಂಗಳು ಹಿಂದಿನ ವರ್ಷದ ಹಾಗೆಯೇ. ಆದರೆ ದೀಪಾವಳಿ ನವೆಂಬರಿಗೆ ಜಾರಿದ್ದರಿಂದ ಅಕ್ಟೋಬರ್ 13ಕ್ಕೆ ಇಳಿದು, ನವೆಂಬರ್ 17ಕ್ಕೆ ಏರಿತು. ಐದು ಲಕ್ಷದ ವ್ಯಾಪಾರ ಒಂದು ತಿಂಗಳಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೇ.

2024ರ ಜನವರಿಯಲ್ಲಿ ಬೈಪಾಸ್ ರಸ್ತೆಯಲ್ಲಿ ಒಂದು ದೊಡ್ಡ ಶೋರೂಂ ತೆರೆಯಿತು. ಅಂದಿನಿಂದ ಪ್ರತಿ ತಿಂಗಳೂ ಒಂದು ಲಕ್ಷ ಕಡಿಮೆ. ಅಕ್ಟೋಬರ್ 17, ನವೆಂಬರ್ 11, ವರ್ಷದ ಒಟ್ಟು 132. 2025 ಕೂಡ 2024ರ ಹಾಗೆಯೇ ನಡೆಯಿತು.

ಈಗ 2024ರ ನವೆಂಬರಿನಲ್ಲಿ ಮಾಲೀಕರು ಲೆಡ್ಜರ್ ನೋಡಿದರು ಅಂದುಕೊಳ್ಳಿ. ಹೋದ ಅಕ್ಟೋಬರ್ 13, ಈ ಅಕ್ಟೋಬರ್ 17. ಶೇ 31ರಷ್ಟು ಏರಿಕೆ! "ಶೋರೂಂ ಬಂದ್ರೂ ನಮ್ಗೇನೂ ಆಗಿಲ್ಲ ಬಿಡ್ರಿ" ಎಂದು ಮುಂದಿನ ಹಬ್ಬಕ್ಕೆ ಮಾಲು ಜಾಸ್ತಿ ತರಿಸಲು ಹೊರಟರೆ ಆಶ್ಚರ್ಯವಿಲ್ಲ. ನಿಜದಲ್ಲಿ ಅಂಗಡಿ ವರ್ಷಕ್ಕೆ 12 ಲಕ್ಷ ಕಳೆದುಕೊಂಡಿದೆ.

ಮೊದಲ ಭಾಗ: ಟ್ರೆಂಡ್

ಸೀಸನ್ನಿನ ಏರಿಳಿತ ಅಳಿಸಿಹೋಗಬೇಕಾದರೆ ಪ್ರತಿ ಸರಾಸರಿಯಲ್ಲೂ ಹನ್ನೆರಡು ತಿಂಗಳೂ ಸಮಾನವಾಗಿ ಸೇರಿರಬೇಕು. ಆಗ ಆಷಾಢದ ತಗ್ಗು, ದೀಪಾವಳಿಯ ದಿಬ್ಬ ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ಆದರೆ ಒಂದು ತೊಡಕಿದೆ. ಹನ್ನೆರಡು ಸಮ ಸಂಖ್ಯೆ, ಅದಕ್ಕೆ ನಡು ತಿಂಗಳು ಅನ್ನೋದಿಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ ಜೂನ್‌ಗೂ ಸೇರದೆ ಜುಲೈಗೂ ಸೇರದೆ ಮಧ್ಯದಲ್ಲಿ ನಿಲ್ಲುತ್ತದೆ.

ಅದಕ್ಕೇ ಹದಿಮೂರು ತಿಂಗಳು ತೆಗೆದುಕೊಂಡು, ಮೊದಲ ಮತ್ತು ಕೊನೆಯ ತಿಂಗಳನ್ನು ಅರ್ಧರ್ಧ ಹಾಕುತ್ತಾರೆ. ಆ ಎರಡೂ ಒಂದೇ ಹೆಸರಿನ ತಿಂಗಳು, ಅರ್ಧ ಅರ್ಧ ಸೇರಿ ಒಂದಾಗುತ್ತದೆ. ಹಾಗಾಗಿ ಭಾಗಿಸುವುದು ಹನ್ನೆರಡರಿಂದಲೇ, ಆದರೆ ಈಗ ನಡು ತಿಂಗಳು ಸಿಕ್ಕಿತು.

2023ರ ಅಕ್ಟೋಬರಿಗೆ ಮಾಡಿ ನೋಡೋಣ. ಅದರ ಹಿಂದೆ ಆರು, ಮುಂದೆ ಆರು ತಿಂಗಳು, ಅಂದರೆ 2023ರ ಏಪ್ರಿಲ್‌ನಿಂದ 2024ರ ಏಪ್ರಿಲ್‌ವರೆಗೆ. ಮೊದಲ ಏಪ್ರಿಲ್ 14ರ ಅರ್ಧ 7. ಕೊನೆಯ ಏಪ್ರಿಲ್ 13ರ ಅರ್ಧ 6.5. ನಡುವಿನ ಹನ್ನೊಂದು ತಿಂಗಳ ಮೊತ್ತ 127. ಒಟ್ಟು 140.5, ಅದನ್ನು 12ರಿಂದ ಭಾಗಿಸಿದರೆ 11.71. ಇದು ಆ ತಿಂಗಳ ಟ್ರೆಂಡ್.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ತಿಂಗಳ ಮಾರಾಟವನ್ನು 2022ರ ಜನವರಿಯಿಂದ ಶುರುಮಾಡಿ `B2`ರಿಂದ ಕೆಳಕ್ಕೆ ತುಂಬಬೇಕು. 2022ರ ಜುಲೈ ಇರುವ ಎಂಟನೇ ಸಾಲಿನಲ್ಲಿ, ಪಕ್ಕದ ಕಾಲಮ್ಮಿಗೆ ಈ ಸೂತ್ರ ಹಾಕಿ ಕೆಳಕ್ಕೆ ಎಳೆದರೆ ಸಾಕು:

```
=(B2/2+SUM(B3:B13)+B14/2)/12
```

ಈ ಅಂಗಡಿಯ ಟ್ರೆಂಡ್ 2022ರ ಜುಲೈನಿಂದ ಒಂದು ವರ್ಷ ಹೆಚ್ಚೂಕಡಿಮೆ 12ರಲ್ಲೇ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಜಾರಿ 2024ರ ಜುಲೈಗೆ 11ಕ್ಕೆ ಬಂದು ಅಲ್ಲೇ ಉಳಿಯುತ್ತದೆ. ಶೇ 31 ಏರಿಕೆಯಂಥದ್ದು ಈ ಗೆರೆಯಲ್ಲಿ ಎಲ್ಲೂ ಇಲ್ಲ. ಯಾಕೆಂದರೆ ದೀಪಾವಳಿ ಅಕ್ಟೋಬರಿನಲ್ಲಿ ಬಂದರೂ ನವೆಂಬರಿನಲ್ಲಿ ಬಂದರೂ ಬಹುತೇಕ ಎಲ್ಲ ಹನ್ನೆರಡು ತಿಂಗಳ ಮೊತ್ತಗಳಲ್ಲೂ ಅದು ಒಂದೇ ಸಲ ಎಣಿಕೆಯಾಗುತ್ತದೆ.

ಎರಡನೇ ಭಾಗ: ಸೀಸನ್

ಈಗ ಪ್ರತಿ ತಿಂಗಳ ಮಾರಾಟದಿಂದ ಆ ತಿಂಗಳ ಟ್ರೆಂಡನ್ನು ಕಳೆಯಿರಿ. 2022ರ ಅಕ್ಟೋಬರಿನಲ್ಲಿ 18ರಿಂದ 12 ಕಳೆದರೆ 6. 2023ರಲ್ಲಿ 13ರಿಂದ 11.71 ಕಳೆದರೆ 1.29. 2024ರಲ್ಲಿ 17ರಿಂದ 11 ಕಳೆದರೆ ಮತ್ತೆ 6. ಮೂರು ಅಕ್ಟೋಬರ್‌ಗಳ ಸರಾಸರಿ 4.43. ಅಂದರೆ "ಅಕ್ಟೋಬರ್ ಬಂದರೆ ಸಾಮಾನ್ಯ ಮಟ್ಟಕ್ಕಿಂತ 4.43 ಲಕ್ಷ ಮೇಲೆ" ಅನ್ನೋದು ಲೆಕ್ಕ ಕೊಡುವ ಉತ್ತರ.

ನವೆಂಬರಿಗೂ ಹೀಗೆಯೇ. 2022ರಲ್ಲಿ 0, 2023ರಲ್ಲಿ 5.37, 2024ರಲ್ಲಿ 0. ಸರಾಸರಿ 1.79. ಜುಲೈಗೆ ಮಾಡಿದರೆ ಸುಮಾರು 4 ಲಕ್ಷ ಕೆಳಗೆ ಬರುತ್ತದೆ, ಅದು ಆಷಾಢ.

ಹನ್ನೆರಡು ತಿಂಗಳಿಗೂ ಹೀಗೆ ಒಂದೊಂದು ಅಂಕಿ ಸಿಗುತ್ತದೆ. ಅವೆಲ್ಲ ಕೂಡಿದರೆ ಸೊನ್ನೆ ಆಗಬೇಕು. ಆಗದಿದ್ದರೆ ಮಿಕ್ಕಿದ್ದನ್ನು ಹನ್ನೆರಡಕ್ಕೆ ಹಂಚಿ ಎಲ್ಲದರಿಂದಲೂ ಸಮನಾಗಿ ಕಳೆಯುತ್ತಾರೆ. ಈ ಉದಾಹರಣೆಯಲ್ಲಿ ಅದು ತಾನಾಗೇ ಸೊನ್ನೆ ಆಗಿದೆ. ಆ ಹನ್ನೆರಡು ಅಂಕಿಗಳನ್ನೇ ಪ್ರತಿ ವರ್ಷಕ್ಕೂ ಅಚ್ಚು ಒತ್ತಿದ ಹಾಗೆ ಮತ್ತೆ ಮತ್ತೆ ಹಾಕಿದರೆ ಗ್ರಾಫಿನ ಎರಡನೇ ಪಟ್ಟಿ ಸಿದ್ಧ.

ಇಲ್ಲೇ ಎಡವಟ್ಟು ನುಸುಳುವುದು. ಅಕ್ಟೋಬರಿನ 4.43 ಅನ್ನೋ ಅಂಕಿ ಯಾವ ವರ್ಷದಲ್ಲೂ ನಡೆದಿಲ್ಲ. ಹಬ್ಬ ಇದ್ದ ಅಕ್ಟೋಬರ್ 6 ಮೇಲಿತ್ತು, ಹಬ್ಬ ಇಲ್ಲದ ಅಕ್ಟೋಬರ್ 1.29 ಮೇಲಿತ್ತು. ಸರಾಸರಿ ಎರಡರ ನಡುವೆ ಎಲ್ಲೋ ಬಿದ್ದಿದೆ. ಈ ವಿಧಾನ ಸೀಸನ್ ಅನ್ನೋದು ಕ್ಯಾಲೆಂಡರ್ ತಿಂಗಳಿಗೆ ಅಂಟಿಕೊಂಡಿದೆ ಎಂದು ನಂಬಿ ನಡೆಯುತ್ತದೆ. ನಮ್ಮ ದೀಪಾವಳಿ ಹಾಗಲ್ಲ.

ಮೂರನೇ ಭಾಗ: ಉಳಿಕೆ

ಟ್ರೆಂಡ್ ಕಳೆದಾಯಿತು, ಸೀಸನ್ನೂ ಕಳೆಯಿರಿ. ಉಳಿದದ್ದು ಉಳಿಕೆ. ಜಾತ್ರೆ ದಿನ ಮಳೆ, ಒಂದು ವಾರದ ಕರೆಂಟ್ ತೊಂದರೆ, ಯಾರೋ ದೊಡ್ಡ ಮದುವೆಗೆ ಒಟ್ಟಿಗೆ ಸೀರೆ ಕೊಂಡದ್ದು, ಇಂಥದೆಲ್ಲ ಬಂದು ಬೀಳುವ ಜಾಗ ಇದು. ನಿಜವಾದ ಅಂಗಡಿಯಲ್ಲಿ ಇಲ್ಲಿ ಸೊನ್ನೆಯ ಮೇಲೂ ಕೆಳಗೂ ಚುಕ್ಕಿಗಳು ಗೊತ್ತುಗುರಿಯಿಲ್ಲದೆ ಚೆಲ್ಲಿರಬೇಕು. ಇಲ್ಲಿ ಒಂದು ಅಚ್ಚುಕಟ್ಟಾದ ಆಕಾರ ಕಂಡರೆ ಏನೋ ತಪ್ಪಿದೆ ಎಂದೇ ಅರ್ಥ.

ಈ ಅಂಗಡಿಯಲ್ಲಿ ಬೇರೆಲ್ಲ ತಿಂಗಳ ಉಳಿಕೆ ಸುಮಾರು 0.3 ಲಕ್ಷದೊಳಗೆ ಇದೆ. ಅಕ್ಟೋಬರ್, ನವೆಂಬರ್ ಮಾತ್ರ ಹೀಗೆ:

| ವರ್ಷ | ಅಕ್ಟೋಬರ್ ಉಳಿಕೆ | ನವೆಂಬರ್ ಉಳಿಕೆ |
|---|---|---|
| 2022 | +1.57 | −1.79 |
| 2023 | −3.14 | +3.58 |
| 2024 | +1.57 | −1.79 |

ಪಕ್ಕಪಕ್ಕದ ಎರಡು ತಿಂಗಳು, ಒಂದು ಮೇಲೆ ಹೋದಾಗ ಇನ್ನೊಂದು ಹೆಚ್ಚೂಕಡಿಮೆ ಅಷ್ಟೇ ಕೆಳಗೆ. 2023ರಲ್ಲಿ ತಿರುಗುಮುರುಗು. ಇದು ಗದ್ದಲ ಅಲ್ಲ, ಜಾಗ ಬದಲಿಸಿದ ಹಬ್ಬದ ಹೆಜ್ಜೆ ಗುರುತು. ಯಾವುದೇ ಅಂಗಡಿಯ ಗ್ರಾಫಿನಲ್ಲಿ ಇಂಥ ಜೋಡಿ ಕಂಡರೆ ಮೊದಲು ಪಂಚಾಂಗ ತೆಗೆದು ನೋಡಬೇಕು. ಮಾರ್ಚ್–ಏಪ್ರಿಲ್ ನಡುವೆ ಇದೇ ಜೋಡಿ ಕಂಡರೆ ಅದು ಯುಗಾದಿ ಇರಬಹುದು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ಆಗಸ್ಟ್–ಸೆಪ್ಟೆಂಬರ್ ನಡುವೆ ಕಂಡರೆ ಗಣೇಶನ ಹಬ್ಬವನ್ನು ನೋಡಬೇಕು.

ಹಬ್ಬ ಜಾರುವುದಕ್ಕೂ ಒಂದು ಲೆಕ್ಕವಿದೆ. ಚಾಂದ್ರಮಾನದ ಹನ್ನೆರಡು ತಿಂಗಳು ಸುಮಾರು 354 ದಿನ. ಹಾಗಾಗಿ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಹಬ್ಬವನ್ನು ಸುಮಾರು 19 ದಿನ ಮುಂದಕ್ಕೆ ತಳ್ಳುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ ದೀಪಾವಳಿ ಅಕ್ಟೋಬರ್ 24ರಿಂದ ನವೆಂಬರ್ 12ಕ್ಕೆ ಜಿಗಿದದ್ದು.

ಸರಿಪಡಿಸುವುದು ಹೇಗೆ?

ಅತಿ ಸುಲಭದ ದಾರಿ, ಅಕ್ಟೋಬರ್ ಮತ್ತು ನವೆಂಬರನ್ನು ಕೂಡಿಸಿ ಒಟ್ಟಿಗೆ ನೋಡುವುದು. 2022ರಲ್ಲಿ 18 ಮತ್ತು 12 ಸೇರಿ 30. 2023ರಲ್ಲಿ 13 ಮತ್ತು 17 ಸೇರಿ 30. 2024ರಲ್ಲಿ 17 ಮತ್ತು 11 ಸೇರಿ 28. ಶೇ 31 ಏರಿಕೆ ಎಂದು ಕಂಡದ್ದು ನಿಜದಲ್ಲಿ ಶೇ 7ರಷ್ಟು ಇಳಿಕೆ. ಯಾವ ಕಂಪ್ಯೂಟರೂ ಬೇಡ, ಒಂದು ಕೂಡುವ ಲೆಕ್ಕ ಸಾಕು. ದೀಪಾವಳಿ ಈ ಎರಡು ತಿಂಗಳ ಆಚೆಗೆ ಹೋಗುವುದಿಲ್ಲವಾದ್ದರಿಂದ ಇದು ನಿಲ್ಲುತ್ತದೆ. ಆದರೆ ದಸರಾಕ್ಕೆ ಎಚ್ಚರ ಬೇಕು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂದಿತ್ತು, ಆ ಹಬ್ಬದ ಖರೀದಿಯ ಬಹುಪಾಲು ಸೆಪ್ಟೆಂಬರಿನಲ್ಲೇ ಮುಗಿದಿರುತ್ತದೆ. ಅಂಥ ಅಂಗಡಿಗೆ ಮೂರು ತಿಂಗಳು ಕೂಡಿಸಬೇಕು.

ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ ಹಬ್ಬಕ್ಕೆ ಮುಂಚಿನ ಖರೀದಿ ದಿನಗಳನ್ನು ತಿಂಗಳಿಗೆ ಹಂಚಬೇಕು. ಖರೀದಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಶುರುವಾಗುತ್ತದೆ ಅಂದುಕೊಳ್ಳಿ. 2022, 2024, 2025ರಲ್ಲಿ ಆ ಹದಿನೈದು ದಿನವೂ ಅಕ್ಟೋಬರಿನಲ್ಲೇ ಬಿದ್ದವು. 2023ರಲ್ಲಿ ಅದು ಅಕ್ಟೋಬರ್ 28ರಿಂದ ನವೆಂಬರ್ 11ರವರೆಗೆ, ಅಂದರೆ ಅಕ್ಟೋಬರಿಗೆ 4 ದಿನ, ನವೆಂಬರಿಗೆ 11 ದಿನ. ಹನ್ನೊಂದು ದಿನ ಜಾರಿದಾಗ ಐದು ಲಕ್ಷ ಜಾರಿತು, ಹಾಗಾದರೆ ದಿನಕ್ಕೆ ಸುಮಾರು 45 ಸಾವಿರ. ಹದಿನೈದು ದಿನಕ್ಕೆ ಸುಮಾರು 6.8 ಲಕ್ಷ. ಇದು ಈ ಅಂಗಡಿಗೆ ದೀಪಾವಳಿ ತರುವ ಹೆಚ್ಚುವರಿ ವ್ಯಾಪಾರ. ಇದನ್ನು ಆಯಾ ತಿಂಗಳಿಂದ ಮೊದಲೇ ತೆಗೆದಿಟ್ಟು, ಆಮೇಲೆ ಮೂರು ಭಾಗ ಮಾಡಿದರೆ ಉಳಿಕೆಯಲ್ಲಿದ್ದ ಆ ಜೋಡಿ ಮಾಯವಾಗುತ್ತದೆ.

ಸರ್ಕಾರಿ ಅಂಕಿಸಂಖ್ಯೆ ಇಲಾಖೆಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅಮೆರಿಕದ ಸೆನ್ಸಸ್ ಬ್ಯೂರೋ ಸಿದ್ಧಪಡಿಸಿದ X-13ARIMA-SEATS ಎಂಬ ತಂತ್ರಾಂಶದಲ್ಲಿ ಈಸ್ಟರ್ ಹಬ್ಬದ ಸರಿಪಡಿಕೆ ಒಳಗೇ ಇದೆ, ಯಾಕೆಂದರೆ ಅದೂ ಮಾರ್ಚ್–ಏಪ್ರಿಲ್ ನಡುವೆ ಓಡಾಡುವ ಹಬ್ಬ. ದೀಪಾವಳಿಯ ದಿನಾಂಕಗಳನ್ನು ಮಾತ್ರ ಬಳಸುವವರೇ ಕೊಡಬೇಕು.

ಈ ಲೆಕ್ಕದ ನಿಜವಾದ ಬೆಲೆ ಮುಂದಿನ ವರ್ಷಕ್ಕೆ ಸಿಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನರಕ ಚತುರ್ದಶಿ ನವೆಂಬರ್ 8ಕ್ಕೆ. ಮುಂಚಿನ ಹದಿನೈದು ದಿನಗಳಲ್ಲಿ 8 ಅಕ್ಟೋಬರಿಗೆ, 7 ನವೆಂಬರಿಗೆ. ಏಳು ದಿನ ಜಾರಿದರೆ ಸುಮಾರು 3.2 ಲಕ್ಷ ಜಾರುತ್ತದೆ. ಅಂದರೆ ಅಂಗಡಿ ಇದ್ದಲ್ಲೇ ಇದ್ದರೂ ಅಕ್ಟೋಬರ್ 17ರಿಂದ ಸುಮಾರು 13.8ಕ್ಕೆ ಬೀಳಬೇಕು, ನವೆಂಬರ್ 11ರಿಂದ 14.2ಕ್ಕೆ ಏರಬೇಕು. ಇದು ಗೊತ್ತಿಲ್ಲದವರು ಅಕ್ಟೋಬರ್ ಕೊನೆಗೆ "ಶೇ 19 ಇಳೀತು, ಮುಗೀತು ಕಥೆ" ಎಂದು ಹೆದರಿ ಮಾಲಿಗೆ ರಿಯಾಯಿತಿ ಹಾಕಿಬಿಡಬಹುದು. ಹಬ್ಬಕ್ಕೆ ಹತ್ತಿರದ ದಿನಗಳಲ್ಲೇ ಗಿರಾಕಿ ಜಾಸ್ತಿ ಎನ್ನುವ ಅಂಗಡಿಯಲ್ಲಿ ಜಾರುವ ಮೊತ್ತ ಇನ್ನೂ ಹೆಚ್ಚಿರುತ್ತದೆ. ಅಂಥವರು ದಿನಕ್ಕೆ ಸಮ ಪಾಲು ಹಾಕದೆ, ತಮ್ಮ ಬಿಲ್ಲುಗಳಿಂದಲೇ ದಿನವಾರು ಪಾಲು ತೆಗೆಯುವುದು ಒಳ್ಳೆಯದು.

ಟ್ರೆಂಡ್ ಗೆರೆ ಹೇಳುವ ಸುಳ್ಳು

ಮೇಲಿನ ಲೆಕ್ಕದಲ್ಲಿ ಇನ್ನೊಂದು ವಿಚಿತ್ರ ಅಡಗಿದೆ. ಶೋರೂಂ ತೆರೆದದ್ದು 2024ರ ಜನವರಿಯಲ್ಲಿ. ಆದರೆ ಟ್ರೆಂಡ್ ಗೆರೆ 2023ರ ಜುಲೈನಿಂದಲೇ ಇಳಿಯಲು ಶುರುಮಾಡಿದೆ. 2023ರ ಅಕ್ಟೋಬರಿಗಾಗಲೇ 11.71. ಆಗಿನ್ನೂ ಒಂದು ರೂಪಾಯಿ ವ್ಯಾಪಾರವೂ ಕೈಬಿಟ್ಟಿರಲಿಲ್ಲ.

ಕಾರಣ ಸರಳ. ಅಕ್ಟೋಬರಿನ ಸರಾಸರಿಯಲ್ಲಿ ಮುಂದಿನ ಆರು ತಿಂಗಳೂ ಸೇರಿವೆ. ಜನವರಿಯಲ್ಲಿ ಒಮ್ಮೆಗೇ ಆದ ಕುಸಿತವನ್ನು ಈ ಸರಾಸರಿ ಒಂದು ವರ್ಷಕ್ಕೆ ಹರಡಿ, ಇಳಿಜಾರು ಮಾಡಿಬಿಡುತ್ತದೆ. ಗ್ರಾಫ್ ನೋಡಿದ ಮಾಲೀಕರು "ಜುಲೈನಲ್ಲಿ ರಸ್ತೆ ಅಗೆದ್ರಲ್ಲ, ಅಲ್ಲಿಂದ್ಲೇ ಶುರುವಾಯ್ತು" ಎಂದು ತಪ್ಪು ಕಾರಣ ಹಿಡಿಯುವ ಸಾಧ್ಯತೆ ಇದೆ. ಟ್ರೆಂಡ್ ಒಂದು ವರ್ಷ ನೇರವಾಗಿ ಜಾರಿ ಮತ್ತೆ ಸಮತಟ್ಟಾದರೆ, ಆ ಇಳಿಜಾರಿನ ನಡುವಿನ ತಿಂಗಳಲ್ಲಿ ಒಂದೇ ಏಟಿಗೆ ಏನಾದರೂ ಆಯಿತಾ ಎಂದು ಕೇಳಿಕೊಳ್ಳಬೇಕು. ಇಲ್ಲಿ ಆ ನಡುವು 2023ರ ಡಿಸೆಂಬರ್ ಮತ್ತು 2024ರ ಜನವರಿ. ಉಳಿಕೆಯಲ್ಲೂ ಇದರ ಸಣ್ಣ ಗುರುತಿದೆ: ಡಿಸೆಂಬರ್ 0.3 ಮೇಲೆ, ಜನವರಿ 0.3 ಕೆಳಗೆ. ಹಬ್ಬದ ಜೋಡಿಯ ಹಾಗೆ ಇದು ಪ್ರತಿ ವರ್ಷ ಮರಳುವುದಿಲ್ಲ, ಒಂದೇ ಸಲ ಬರುತ್ತದೆ.

ಅದೇ ಕಾರಣಕ್ಕೆ ಗೆರೆಯ ಎರಡೂ ತುದಿ ಖಾಲಿ. 2022ರ ಮೊದಲ ಆರು ತಿಂಗಳಿಗೆ ಹಿಂದಿನ ಅಂಕಿ ಇಲ್ಲ, 2025ರ ಕೊನೆಯ ಆರು ತಿಂಗಳಿಗೆ ಮುಂದಿನ ಅಂಕಿ ಇಲ್ಲ. ಟ್ರೆಂಡ್ 2025ರ ಜೂನಿಗೆ ನಿಂತುಹೋಗುತ್ತದೆ. ಅಂಗಡಿಯವರಿಗೆ ಬೇಕಾದ್ದು ಈ ತಿಂಗಳ ಸ್ಥಿತಿ, ಅದೇ ಇಲ್ಲಿ ಸಿಗುವುದಿಲ್ಲ. 1990ರಲ್ಲಿ ಪ್ರಕಟವಾದ STL ಎಂಬ ವಿಧಾನ ತುದಿಯವರೆಗೂ ಗೆರೆ ಎಳೆಯುತ್ತದೆ. ಆದರೆ ತುದಿಯ ಆ ಭಾಗ, ಹೊಸ ತಿಂಗಳ ಅಂಕಿ ಬಂದಂತೆಲ್ಲ ಅಲುಗಾಡುತ್ತಾ ಇರುತ್ತದೆ. ಹಾಗಾಗಿ ಕೊನೆಯ ಎರಡು ಮೂರು ತಿಂಗಳ ತಿರುವನ್ನು ನಂಬಿ ಸಾಲ ಮಾಡಬಾರದು.

ಕೂಡಿಸಬೇಕಾ, ಗುಣಿಸಬೇಕಾ?

ಮೇಲಿನ ಅಂಗಡಿಯಲ್ಲಿ ಟ್ರೆಂಡ್, ಸೀಸನ್, ಉಳಿಕೆ ಮೂರನ್ನೂ ಕೂಡಿಸಿದರೆ ಮಾರಾಟ ಬರುತ್ತಿತ್ತು. ವ್ಯಾಪಾರ ದುಪ್ಪಟ್ಟು ಮೂರುಪಟ್ಟು ಬೆಳೆಯುವಲ್ಲಿ ಇದು ಸರಿಹೋಗುವುದಿಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ, 1949ರಿಂದ 1960ರವರೆಗಿನ ಅಂತರರಾಷ್ಟ್ರೀಯ ವಿಮಾನ ಪ್ರಯಾಣಿಕರ ತಿಂಗಳವಾರು ಲೆಕ್ಕ. ಬಾಕ್ಸ್ ಮತ್ತು ಜೆಂಕಿನ್ಸ್ ಅವರ ಪುಸ್ತಕದಿಂದ ಜನಪ್ರಿಯವಾದ ಈ ಅಂಕಿಗಳನ್ನು ಇಂದಿಗೂ ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುತ್ತಾರೆ. 1949ರಲ್ಲಿ ಅತಿ ಕಡಿಮೆ ತಿಂಗಳು 104 ಸಾವಿರ, ಅತಿ ಹೆಚ್ಚು 148 ಸಾವಿರ, ಅಂತರ 44. 1960ರಲ್ಲಿ 390 ಮತ್ತು 622, ಅಂತರ 232. ಅಂತರ ಐದು ಪಟ್ಟು ಹಿಗ್ಗಿದೆ, ಆದರೆ ಅನುಪಾತ 1.4ರಿಂದ 1.6ಕ್ಕೆ ಮಾತ್ರ ಹೋಗಿದೆ. ಇಂಥಲ್ಲಿ ಕಳೆಯುವ ಬದಲು ಟ್ರೆಂಡಿನಿಂದ ಭಾಗಿಸಬೇಕು. ಆಗ "ಅಕ್ಟೋಬರ್ 6 ಲಕ್ಷ ಮೇಲೆ" ಅನ್ನುವ ಬದಲು "ಅಕ್ಟೋಬರ್ ಮಟ್ಟದ ಒಂದೂವರೆ ಪಟ್ಟು" ಅನ್ನುವ ಉತ್ತರ ಬರುತ್ತದೆ. ಬೆಲೆಯೇ ವರ್ಷ ವರ್ಷ ಏರುವ ಸರಕಿನ ರೂಪಾಯಿ ಲೆಕ್ಕಕ್ಕೆ, ಉದಾಹರಣೆಗೆ ಚಿನ್ನದ ಅಂಗಡಿಗೆ, ಸಾಮಾನ್ಯವಾಗಿ ಇದೇ ಒಪ್ಪುತ್ತದೆ.

ಕಂಪ್ಯೂಟರಿನಲ್ಲಿ ನೋಡುವಾಗ

ಪೈಥಾನ್ ಬಲ್ಲವರಿಗೆ ಇಷ್ಟು ಸಾಕು. ಫೈಲಿನಲ್ಲಿ `month` ಮತ್ತು `sales` ಎಂಬ ಎರಡು ಕಾಲಮ್ ಇರಬೇಕು, ನಡುವೆ ಯಾವ ತಿಂಗಳೂ ತಪ್ಪಿರಬಾರದು.

```python
import pandas as pd
import matplotlib.pyplot as plt
from statsmodels.tsa.seasonal import seasonal_decompose

s = pd.read_csv("sales.csv", index_col="month",
                parse_dates=True)["sales"]
seasonal_decompose(s, model="additive", period=12).plot()
plt.show()
```

ಪರದೆಯ ಮೇಲೆ ನಾಲ್ಕು ಪಟ್ಟಿ ಬರುತ್ತವೆ: ಮೂಲ ಮಾರಾಟ, ಅದರ ಕೆಳಗೆ `Trend`, `Seasonal`, `Resid`. ಓದುವ ಮೊದಲು ಎಡಗಡೆಯ ಅಳತೆ ನೋಡಬೇಕು. ಪ್ರತಿ ಪಟ್ಟಿಗೂ ಬೇರೆ ಬೇರೆ ಅಳತೆ ಇರುತ್ತದೆ. 0.3 ಲಕ್ಷದ ಉಳಿಕೆಯನ್ನೂ 6 ಲಕ್ಷದ ಸೀಸನ್ನನ್ನೂ ಒಂದೇ ಎತ್ತರಕ್ಕೆ ಹಿಗ್ಗಿಸಿ ತೋರಿಸಬಲ್ಲದು. ಕಣ್ಣಿಗೆ ದೊಡ್ಡದಾಗಿ ಕಂಡದ್ದು ಹಣದಲ್ಲಿ ಚಿಲ್ಲರೆ ಇರಬಹುದು.

ಎಷ್ಟು ವರ್ಷದ ಲೆಕ್ಕ ಬೇಕು? ಈ ತಂತ್ರಾಂಶ ಕನಿಷ್ಠ 24 ತಿಂಗಳು ಕೇಳುತ್ತದೆ. ಆದರೆ ಬರೀ 24 ತಿಂಗಳು ಕೊಟ್ಟರೆ ಒಂದು ಮೋಸ ಆಗುತ್ತದೆ. ಎರಡೂ ತುದಿಯ ಆರಾರು ತಿಂಗಳು ಹೋದ ಮೇಲೆ ಟ್ರೆಂಡ್ ಸಿಗುವುದು 12 ತಿಂಗಳಿಗೆ ಮಾತ್ರ, ಅಂದರೆ ಪ್ರತಿ ತಿಂಗಳಿಗೂ ಒಂದೇ ಒಂದು ಮಾದರಿ. ಆಗ ಆ ವರ್ಷ ನಡೆದದ್ದೆಲ್ಲ ಸೀಸನ್ ಎಂದೇ ದಾಖಲಾಗುತ್ತದೆ, ಉಳಿಕೆ ಏರಿಳಿತವೇ ಇಲ್ಲದ ಚಪ್ಪಟೆ ಗೆರೆಯಾಗುತ್ತದೆ. ನೋಡಿದವರು ಲೆಕ್ಕ ಪರ್ಫೆಕ್ಟ್ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಏನನ್ನೂ ಬೇರ್ಪಡಿಸಿಲ್ಲ. ನಾಲ್ಕೈದು ವರ್ಷದ ಅಂಕಿ ಇದ್ದರೆ, ಅದರಲ್ಲೂ ಒಂದಾದರೂ ಅಧಿಕ ಮಾಸದ ವರ್ಷ ಸೇರಿದ್ದರೆ, ಹಬ್ಬ ಜಾರಿದಾಗ ಏನಾಗುತ್ತದೆ ಅನ್ನೋದೂ ಅದರೊಳಗೇ ಸಿಗುತ್ತದೆ.

ಅಂಕಿ ಎಲ್ಲಿಂದ ತರೋದು ಎಂಬುದಕ್ಕೆ ಹುಡುಕಾಡಬೇಕಿಲ್ಲ. ತಿಂಗಳು ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಅದು `GSTR-3B`ಯಲ್ಲೇ ಇದೆ. ತೆರಿಗೆ ಸೇರಿಸದ ಮೊತ್ತವನ್ನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ತೆರಿಗೆ ದರ ಬದಲಾದ ತಿಂಗಳು ವ್ಯಾಪಾರವೇ ಬದಲಾದ ಹಾಗೆ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಣ್ಣ ಅಂಗಡಿಯವರು ಬಿಲ್ ಪುಸ್ತಕದಿಂದಲೇ ತಿಂಗಳ ಮೊತ್ತ ತೆಗೆದು, ಪಕ್ಕದಲ್ಲಿ ಇನ್ನೊಂದು ಕಾಲಮ್ ಮಾಡಿ ಆ ವರ್ಷದ ಯುಗಾದಿ, ಗಣೇಶ, ದಸರಾ, ದೀಪಾವಳಿಯ ದಿನಾಂಕ ಬರೆದಿಟ್ಟುಕೊಂಡರೆ ಸಾಕು. ಉಳಿಕೆಯ ಪಟ್ಟಿಯಲ್ಲಿ ಜೋಡಿ ಚುಕ್ಕಿಗಳು ಕಂಡಾಗ ಮೊದಲು ನೋಡಬೇಕಾದ್ದು ಆ ಕಾಲಮ್ಮನ್ನೇ.